ಟಾಂಗ್ ಕೊಡುವುದಾದರೆ ನಿಮಗಿಂತ ದೊಡ್ಡವರಿಗೇ ಕೊಡಿ

ಸಣ್ಣ ಕಂಪನಿಯೊಂದರ ಇನ್‌ಸ್ಟಾಗ್ರಾಂ, ಎಕ್ಸ್ ಖಾತೆಗಳನ್ನು ನೋಡಿಕೊಳ್ಳುವ ಕೆಲಸ ನಿಮ್ಮದಾಗಿದ್ದರೆ ಈ ಮಾತನ್ನು ಕೇಳಿಯೇ ಇರುತ್ತೀರಿ: “ಅವರನ್ನ ನೋಡ್ರೀ, ಎದುರಾಳಿ ಕಂಪನಿ ಕಾಲೆಳೆದು ಎರಡೇ ಸಾಲು ಹಾಕಿದ್ರು, ಊರೆಲ್ಲ ಶೇರ್ ಮಾಡ್ತು. ನಾವೂ ಹಂಗೇ ಏನಾದ್ರೂ ಹಾಕೋಣ.” ಮಾಲೀಕರು ಹೇಳಿ ಹೊರಟುಬಿಡುತ್ತಾರೆ. ಎರಡು ಸಾಲು ಬರೆಯಬೇಕಾದವರು ನೀವು. ಬರೆದದ್ದು ತಿರುಗಿ ಹೊಡೆದರೆ ಸಂಜೆ ಫೋನ್ ಬರುವುದೂ ನಿಮಗೇ.

ಇಂಥ ಪೋಸ್ಟ್‌ಗಳು ಕೆಲವರಿಗೆ ಒಲಿದು ಕೆಲವರಿಗೆ ಕೈಕೊಡುವುದು ಹಾಸ್ಯಪ್ರಜ್ಞೆಯ ಕೊರತೆಯಿಂದ ಎಂದು ಅನೇಕರು ತಿಳಿದಿದ್ದಾರೆ. ಕೈಕೊಟ್ಟ ಪೋಸ್ಟ್‌ಗಳನ್ನು ತೆಗೆದು ನೋಡಿ. ಬಹಳಷ್ಟರಲ್ಲಿ ಜೋಕು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ದಿಕ್ಕು. ಯಾರು ಯಾರನ್ನು ಗೇಲಿ ಮಾಡಿದರು ಎಂಬುದನ್ನು ಓದುಗ ಮೊದಲು ಅಳೆಯುತ್ತಾನೆ, ನಗಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸುತ್ತಾನೆ.

ಮೂರು ಹೋರ್ಡಿಂಗ್‌ಗಳ ಪಾಠ

ಇದು ಸಾಮಾಜಿಕ ಜಾಲತಾಣಕ್ಕಿಂತ ಹಳೆಯ ಆಟ. 1962ರಲ್ಲಿ ಅಮೆರಿಕದ ಬಾಡಿಗೆ ಕಾರಿನ ಕಂಪನಿ ಏವಿಸ್, ‘ನಾವು ಎರಡನೇ ಸ್ಥಾನದಲ್ಲಿದ್ದೇವೆ, ಅದಕ್ಕೇ ಹೆಚ್ಚು ದುಡಿಯುತ್ತೇವೆ’ ಎಂಬರ್ಥದ ಜಾಹೀರಾತು ಶುರುಮಾಡಿತು. ಮೊದಲ ಸ್ಥಾನದಲ್ಲಿದ್ದ ಹರ್ಟ್ಸ್ ಹೆಸರನ್ನು ಹೇಳದೆಯೇ ಚುಚ್ಚಿತ್ತು. ಹರ್ಟ್ಸ್ ನೇರವಾಗಿ ಬಾಯಿ ಬಿಡಲು 1966ರವರೆಗೆ ಕಾಯಿತು.

ನಮಗೆ ಹತ್ತಿರದ ಉದಾಹರಣೆ 2007ರ ಮುಂಬೈಯದು. ಜೆಟ್ ಏರ್‌ವೇಸ್ ಆಗ ದೇಶದ ದೊಡ್ಡ ಖಾಸಗಿ ವಿಮಾನ ಸಂಸ್ಥೆ. ಹೊಸ ರೂಪ ತಳೆದ ಸಂಭ್ರಮದಲ್ಲಿ ‘ನಾವು ಬದಲಾಗಿದ್ದೇವೆ’ ಎಂದು ಹೋರ್ಡಿಂಗ್ ಹಾಕಿಸಿತು. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಷರ್ ಹಾರಾಟ ಶುರುಮಾಡಿ ಆಗಿನ್ನೂ ಎರಡೇ ವರ್ಷವಾಗಿತ್ತು. ಅದು ಜೆಟ್‌ನ ಫಲಕಕ್ಕೆ ಅಂಟಿಕೊಂಡಂತೆಯೇ ತನ್ನದನ್ನೂ ಏರಿಸಿತು: ‘ಅವರನ್ನು ಬದಲಾಯಿಸಿದ್ದು ನಾವೇ!’ ಅಷ್ಟರಲ್ಲಿ ಇನ್ನೂ ಚಿಕ್ಕದಾದ ಗೋಏರ್ ಮೂರನೆಯ ಫಲಕ ಹಾಕಿತು: ‘ನಾವು ಬದಲಾಗಿಲ್ಲ. ಹಾರಲು ಈಗಲೂ ನಾವೇ ಜಾಣ ದಾರಿ.’ ಮೂರೂ ಒಟ್ಟಿಗೆ ಕಾಣುವ ಚಿತ್ರ ಇಮೇಲ್‌ಗಳಲ್ಲಿ ವರ್ಷಗಟ್ಟಲೆ ಓಡಾಡಿತು.

ಈ ಮೂರನ್ನೂ ತಿರುವುಮುರುವು ಮಾಡಿ ನೋಡಿ. ಗೋಏರ್ ಮೊದಲು ಫಲಕ ಹಾಕಿ, ಜೆಟ್ ಅದರ ಪಕ್ಕದಲ್ಲಿ ಗೇಲಿ ಮಾಡಿದ್ದರೆ? ಅದೇ ಚುರುಕು, ಅದೇ ಜಾಣ್ಮೆ ಇದ್ದರೂ ನೋಡುಗರಿಗೆ ಅದು ಶಾಲೆಯ ಬಯಲಲ್ಲಿ ಹತ್ತನೇ ತರಗತಿಯವ ಮೂರನೇ ತರಗತಿಯವನ ಟೋಪಿ ಕಿತ್ತುಕೊಂಡಂತೆ ಕಾಣುತ್ತಿತ್ತು.

ಹೀಗಾಗಲು ಎರಡು ಕಾರಣಗಳಿವೆ. ಒಂದು ಲೆಕ್ಕಾಚಾರದ್ದು. ದೊಡ್ಡ ಕಂಪನಿ ಸಣ್ಣದರ ಹೆಸರೆತ್ತಿದ ಕ್ಷಣವೇ, ಅದನ್ನು ಕೇಳಿಯೇ ಇರದ ಲಕ್ಷಾಂತರ ಗ್ರಾಹಕರಿಗೆ ತಾನೇ ಪರಿಚಯ ಮಾಡಿಸಿಕೊಟ್ಟಂತಾಗುತ್ತದೆ. ಹಾಗಾಗಿ ದೊಡ್ಡವರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ಸುಮ್ಮನಿದ್ದರೆ ಸೋತಂತೆ ಕಾಣುತ್ತದೆ, ಮಾತಾಡಿದರೆ ಎದುರಾಳಿಗೆ ಪುಕ್ಕಟೆ ಪ್ರಚಾರ. 2015ರಲ್ಲಿ ಬರ್ಗರ್ ಕಿಂಗ್ ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಬರೆದು, ವಿಶ್ವ ಶಾಂತಿ ದಿನದಂದು ಇಬ್ಬರೂ ಸೇರಿ ‘ಮ್ಯಾಕ್‌ವಾಪರ್’ ಎಂಬ ಬರ್ಗರ್ ಮಾರೋಣ ಎಂದು ಮೆಕ್‌ಡೊನಾಲ್ಡ್ಸ್ ಅನ್ನು ಕೆಣಕಿತ್ತು. ಮುಂದಿನ ಸಲ ಒಂದು ಫೋನ್ ಮಾಡಿದರೆ ಸಾಕು ಎಂಬ ಧಾಟಿಯಲ್ಲಿ ಮೆಕ್‌ಡೊನಾಲ್ಡ್ಸ್ ಮುಖ್ಯಸ್ಥರು ಉತ್ತರ ಕೊಟ್ಟರು. ತಪ್ಪೇನೂ ಇಲ್ಲದ ಉತ್ತರ. ಆದರೂ ಸಿಡುಕು ಮೋರೆಯವರೆಂಬ ಹೆಸರು ಅವರಿಗೇ ಬಂತು.

ಎರಡನೆಯದು ನೋಡುಗನ ಮನಸ್ಸಿನದು. ಗೇಲಿಯಲ್ಲಿ ಯಾರಿಗೋ ಒಂದಿಷ್ಟು ನೋವಾಗುವುದು ಖಚಿತ. ಪೆಟ್ಟು ತಿಂದವನು ಅದನ್ನು ತಡೆದುಕೊಳ್ಳಬಲ್ಲ ಎಂಬ ಭರವಸೆ ಇದ್ದಾಗ ಮಾತ್ರ ನೋಡುಗ ನಿರಾಳವಾಗಿ ನಗುತ್ತಾನೆ. ಅಮೆರಿಕವೊಂದರಲ್ಲೇ ಸುಮಾರು ಹದಿನಾಲ್ಕು ಸಾವಿರ ಮಳಿಗೆಗಳಿರುವ ಮೆಕ್‌ಡೊನಾಲ್ಡ್ಸ್‌ಗೆ ಒಂದು ಟ್ವೀಟಿನಿಂದ ಏನೂ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆ ಭರವಸೆ ಇಲ್ಲದ ಕಡೆ ನಗು ಹುಟ್ಟುವುದಿಲ್ಲ, ಮರುಕ ಹುಟ್ಟುತ್ತದೆ. ಮರುಕ ಹುಟ್ಟಿದ ಮೇಲೆ ನೀವೇ ಖಳನಾಯಕರು.

‘ಮೇಲೆ’ ಯಾರು ಎಂದು ಪತ್ತೆಮಾಡುವುದು

ವಹಿವಾಟು ಯಾರದು ದೊಡ್ಡದೋ ಅವರು ಮೇಲೆ ಎನ್ನುವಷ್ಟು ಸುಲಭವಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಈ ಊರಿನಲ್ಲಿ, ಈ ವಸ್ತುವಿನಲ್ಲಿ ದೊಡ್ಡವರು ಯಾರು? ಇಡೀ ದೇಶದ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಬ್ರಿಟನ್ನಿನಲ್ಲಿ ಆಲ್ಡಿ ಎಂಬ ಅಗ್ಗದ ಸೂಪರ್‌ಮಾರ್ಕೆಟ್ ಇದೆ. ಜರ್ಮನಿ ಮೂಲದ ದೈತ್ಯ ಸಂಸ್ಥೆ ಅದು. 2021ರ ಏಪ್ರಿಲ್‌ನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್, ತನ್ನ ಕಂಬಳಿಹುಳು ಆಕಾರದ ‘ಕಾಲಿನ್’ ಕೇಕನ್ನು ಆಲ್ಡಿಯ ‘ಕತ್‌ಬರ್ಟ್’ ನಕಲು ಮಾಡಿದೆ ಎಂದು ಕೋರ್ಟಿಗೆ ಹೋಯಿತು. ಆಲ್ಡಿ ವಕೀಲರ ಭಾಷೆಯಲ್ಲಿ ಉತ್ತರಿಸದೆ ‘ಕತ್‌ಬರ್ಟ್‌ನನ್ನು ಬಿಡುಗಡೆ ಮಾಡಿ’ ಎಂದು ಟ್ವಿಟರ್‌ನಲ್ಲಿ ಚಳವಳಿಯನ್ನೇ ಹೂಡಿತು, ಎದುರಾಳಿಯ ಹೆಸರಾಂತ ಜಾಹೀರಾತು ಸಾಲನ್ನೇ ತಿರುಚಿ ಅಣಕವಾಡಿತು. ಜನ ಆಲ್ಡಿಯ ಪಕ್ಷ ವಹಿಸಿದರು. ಏಕೆಂದರೆ ಬ್ರಿಟಿಷರ ಕಣ್ಣಿಗೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂದರೆ ಪ್ರತಿಷ್ಠಿತ, ದುಬಾರಿ ಅಂಗಡಿ. ಅದು ಒಂದು ಕೇಕಿಗಾಗಿ ಕೋರ್ಟು ಹತ್ತಿದ್ದು ದೊಡ್ಡವರ ಸಣ್ಣತನದಂತೆ ಕಂಡಿತು. ಪ್ರಕರಣ 2022ರಲ್ಲಿ ರಾಜಿಯಲ್ಲಿ ಮುಗಿಯಿತು.

2. ಜನ ಯಾರನ್ನು ‘ನಮ್ಮವರು’ ಎನ್ನುತ್ತಾರೆ? 2023ರ ಏಪ್ರಿಲ್ 5ರಂದು ಅಮುಲ್, ತಾಜಾ ಹಾಲು ಮೊಸರು ಬೆಂಗಳೂರಿಗೆ ಬರುತ್ತಿದೆ ಎಂದು ಟ್ವೀಟ್ ಮಾಡಿದ್ದು ನೆನಪಿರಬಹುದು. ಅದರಲ್ಲಿ ಗೇಲಿ ಇರಲಿಲ್ಲ, ನಂದಿನಿಯ ಹೆಸರೂ ಇರಲಿಲ್ಲ. ಆದರೂ ಕಿಡಿ ಹೊತ್ತಿಕೊಂಡಿತು, ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿ ಹಾಲನ್ನೇ ಬಳಸುವುದಾಗಿ ಹೇಳಿತು. ಚುನಾವಣೆಯ ಹೊತ್ತು ಎಂಬುದೂ ಅದಕ್ಕೆ ಗಾಳಿ ಹಾಕಿತ್ತು, ನಿಜ. ಆದರೆ ಗಮನಿಸಬೇಕಾದದ್ದು ಬೇರೆ. ಬೆಂಗಳೂರಿನ ಹಾಲಿನ ಮಾರುಕಟ್ಟೆಯಲ್ಲಿ ದೊಡ್ಡಣ್ಣ ನಂದಿನಿಯೇ, ಹೊಸದಾಗಿ ಬರುತ್ತಿದ್ದದ್ದು ಅಮುಲ್. ಲೆಕ್ಕದ ಪ್ರಕಾರ ಅಮುಲ್ ಇಲ್ಲಿ ಚಿಕ್ಕದು. ಭಾವನೆಯ ಪ್ರಕಾರ ಅದು ಹೊರಗಿನ ದೊಡ್ಡ ಕುಳ, ನಂದಿನಿ ನಮ್ಮ ಹಳ್ಳಿಯ ಹಸುಗಳದ್ದು. ಲೆಕ್ಕಕ್ಕೂ ಭಾವನೆಗೂ ಜಗಳ ಬಂದರೆ ಗೆಲ್ಲುವುದು ಭಾವನೆ. ಮಾಮೂಲಿ ಪ್ರಕಟಣೆಗೇ ಇಷ್ಟಾದರೆ, ಅಮುಲ್ ಆ ದಿನ ತನ್ನ ಹೆಸರಾಂತ ಚಾಟಿ ಮಾತನ್ನು ನಂದಿನಿಯ ಕಡೆ ಬೀಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ.

3. ಕಂಪನಿಯೊಳಗೆ ಪೆಟ್ಟು ಬೀಳುವುದು ಯಾರಿಗೆ? ಇದನ್ನು ಬಹುತೇಕರು ಕೇಳಿಕೊಳ್ಳುವುದೇ ಇಲ್ಲ. ಎದುರಾಳಿ ಬಹುರಾಷ್ಟ್ರೀಯ ಕಂಪನಿಯೇ ಇರಲಿ, ನೀವು ಅವರ ಡೆಲಿವರಿ ಹುಡುಗ ದಾರಿ ತಪ್ಪಿದ್ದನ್ನು ಗೇಲಿ ಮಾಡಿದರೆ ಹೊಡೆದದ್ದು ಕಂಪನಿಗಲ್ಲ, ಆ ಹುಡುಗನಿಗೆ. ದೊಡ್ಡವರಲ್ಲೂ ನಿರ್ಧಾರ ಮಾಡುವವರು ಬೇರೆ, ಬಿಸಿಲಲ್ಲಿ ಓಡಾಡುವವರು ಬೇರೆ. ನಿಮ್ಮ ಗೇಲಿ ನಿರ್ಧಾರಕ್ಕೆ ತಾಗಬೇಕು: ಬೆಲೆ, ಪ್ಯಾಕೆಟ್ಟಿನ ಗಾತ್ರ, ಈಡೇರದ ಮಾತು, ಜಾಹೀರಾತಿನ ಬಡಾಯಿ.

ಜೋಕಿನ ಅಡಿಪಾಯ ನಿಮ್ಮದೇ ವಸ್ತು

ಈ ಆಟದಲ್ಲಿ ಎಲ್ಲರೂ ಹೆಸರಿಸುವುದು ವೆಂಡೀಸ್ ಎಂಬ ಅಮೆರಿಕದ ಬರ್ಗರ್ ಸರಪಳಿಯನ್ನು. ಅದರ ಟ್ವಿಟರ್ ಖಾತೆ 2017ರ ಜನವರಿಯಲ್ಲಿ ಜಗತ್ತಿನ ಗಮನ ಸೆಳೆಯಿತು. ಅನೇಕರು ಅದರ ಬಾಯಿಜೋರನ್ನು ಮಾತ್ರ ನಕಲು ಮಾಡಿ ಕೈ ಸುಟ್ಟುಕೊಂಡರು. ಒಳಗಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ.

1969ರಲ್ಲಿ ಒಹಾಯೊದಲ್ಲಿ ಶುರುವಾದ ವೆಂಡೀಸ್, ತಾನು ಹೆಪ್ಪುಗಟ್ಟಿಸದ ತಾಜಾ ಗೋಮಾಂಸವನ್ನೇ ಬಳಸುತ್ತೇನೆ ಎಂದು ದಶಕಗಳಿಂದ ಹೇಳಿಕೊಂಡು ಬಂದಿದೆ. ಮೆಕ್‌ಡೊನಾಲ್ಡ್ಸ್ ಆಗ ಬಳಸುತ್ತಿದ್ದದ್ದು ಹೆಪ್ಪುಗಟ್ಟಿಸಿದ್ದು. ಅಮೆರಿಕದಲ್ಲಿ ವೆಂಡೀಸ್‌ಗೆ ಸುಮಾರು ಆರು ಸಾವಿರ ಮಳಿಗೆಗಳು, ಮೆಕ್‌ಡೊನಾಲ್ಡ್ಸ್‌ಗೆ ಸುಮಾರು ಹದಿನಾಲ್ಕು ಸಾವಿರ. ವೆಂಡೀಸ್‌ನ ಚುಚ್ಚುಮಾತುಗಳು ಹೆಚ್ಚಾಗಿ ತಿರುಗಿ ತಿರುಗಿ ತಾಜಾ ಮತ್ತು ಹೆಪ್ಪುಗಟ್ಟಿದ ಮಾಂಸದ ಈ ಒಂದು ವ್ಯತ್ಯಾಸಕ್ಕೇ ಬರುತ್ತವೆ. 2017ರ ಮಾರ್ಚ್ 30ರಂದು ಮೆಕ್‌ಡೊನಾಲ್ಡ್ಸ್, ಮುಂದಿನ ವರ್ಷದ ನಡುವಿನ ಹೊತ್ತಿಗೆ ತನ್ನ ಬಹುತೇಕ ಮಳಿಗೆಗಳಲ್ಲಿ ‘ಕ್ವಾರ್ಟರ್ ಪೌಂಡರ್’ ಬರ್ಗರಿಗೆ ತಾಜಾ ಮಾಂಸ ಬಳಸುವುದಾಗಿ ಪ್ರಕಟಿಸಿತು. ವೆಂಡೀಸ್ ಕೇಳಿತು: ಹಾಗಾದರೆ ಎಲ್ಲ ಮಳಿಗೆಗಳಲ್ಲೂ ಹೆಚ್ಚಿನ ಬರ್ಗರ್‌ಗಳಿಗೆ ಈಗಲೂ ಹೆಪ್ಪುಗಟ್ಟಿದ್ದೇ? ಸುಮ್ಮನೆ ಗೆಳೆಯರೊಬ್ಬರಿಗಾಗಿ ಕೇಳುತ್ತಿದ್ದೇವೆ.

ಇದನ್ನು ಬಿಡಿಸಿ ನೋಡಿ. ಬೈಗುಳವಿಲ್ಲ, ಉಪಮೆಯಿಲ್ಲ. ಎದುರಾಳಿಯ ಪ್ರಕಟಣೆಯನ್ನು ಗಮನವಿಟ್ಟು ಓದಿ, ಅದರಲ್ಲಿ ಹೇಳದೆ ಬಿಟ್ಟದ್ದನ್ನು ಕೇಳಲಾಗಿದೆ ಅಷ್ಟೆ. ಮೆಕ್‌ಡೊನಾಲ್ಡ್ಸ್ ಅದನ್ನು ಅಲ್ಲಗಳೆಯುವಂತಿರಲಿಲ್ಲ, ಏಕೆಂದರೆ ಅದು ನಿಜ. ನಕ್ಕವರು ನಕ್ಕು ಮುಗಿಸುವ ಹೊತ್ತಿಗೆ ‘ವೆಂಡೀಸ್ ಎಂದರೆ ತಾಜಾ’ ಎಂಬ ಮಾರಾಟದ ಮಾತೂ ತಲೆಯೊಳಗೆ ಇಳಿದಿರುತ್ತಿತ್ತು.

ಅದೇ ಖಾತೆ ಸಾಮಾನ್ಯ ಜನರನ್ನೂ ಗೇಲಿ ಮಾಡುತ್ತದಲ್ಲ, ಅದು ಕೆಳಗಿನವರಿಗೆ ಹೊಡೆದಂತಾಗಲಿಲ್ಲವೇ ಎಂದು ನೀವು ಕೇಳಬಹುದು. 2018ರಿಂದ ವೆಂಡೀಸ್ ‘ಗೇಲಿ ದಿನ’ವೊಂದನ್ನು ಆಚರಿಸುತ್ತ ಬಂದಿದೆ. ಅಂದು ಜನ ತಾವಾಗಿಯೇ ‘ನಮ್ಮನ್ನೂ ಗೇಲಿ ಮಾಡಿ’ ಎಂದು ಸಾಲು ಹಚ್ಚುತ್ತಾರೆ. ಕೇಳಿ ಪಡೆದ ಪೆಟ್ಟು ಆಟ. ಕೇಳದೆ ಕೊಟ್ಟದ್ದು ಅವಮಾನ.

ಬರೆಯುವ ಹಂತಗಳು

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಶಿವಮೊಗ್ಗದಲ್ಲಿ ನಿಮ್ಮದೊಂದು ಸಣ್ಣ ಫಿಲ್ಟರ್ ಕಾಫಿ ಅಂಗಡಿ. ಲೋಟಕ್ಕೆ ₹20. ಎದುರಿಗೇ ದೊಡ್ಡ ಕಾಫಿ ಸರಪಳಿಯೊಂದರ ಹವಾನಿಯಂತ್ರಿತ ಮಳಿಗೆ ಬಂದಿದೆ. ಅಲ್ಲಿ ಕಪ್ಪಿಗೆ ₹250. ದಿಕ್ಕು ಸರಿಯಾಗಿದೆ: ಅವರು ದೊಡ್ಡವರು, ಹೊರಗಿನವರು. ಆದರೂ ಎಡವಲು ಬೇಕಾದಷ್ಟು ಜಾಗವಿದೆ.

1. ಮೊದಲು ಒಂದು ನಿಜ ಹುಡುಕಿ. ನಿಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ, ಯಾರು ಬೇಕಾದರೂ ಬಂದು ಪರೀಕ್ಷಿಸಬಹುದಾದ ಒಂದೇ ಸಂಗತಿ. ನಮ್ಮ ಉದಾಹರಣೆಯಲ್ಲಿ ಎರಡಿವೆ: ಬೆಲೆ, ಮತ್ತು ಬೈ ಟು ಕೊಡುವುದು. ‘ನಮ್ಮ ಕಾಫಿ ರುಚಿ’ ಎಂಬುದು ಇಲ್ಲಿ ನಿಜದ ಲೆಕ್ಕಕ್ಕೆ ಬರುವುದಿಲ್ಲ, ಅದು ನಿಮ್ಮ ಅಭಿಪ್ರಾಯ.

2. ಬಾಯಿಗೆ ಬಂದ ನಾಲ್ಕಾರು ಸಾಲುಗಳನ್ನು ಬರೆದುಕೊಂಡು, ಪೆಟ್ಟು ಯಾರಿಗೆ ಎಂದು ಪಕ್ಕದಲ್ಲಿ ಗುರುತು ಹಾಕಿ. ‘ಅಲ್ಲಿ ಸಿಗೋದು ಕಾಫಿಯಲ್ಲ, ಸುಟ್ಟ ನೀರು.’ ಪೆಟ್ಟು ಅವರ ವಸ್ತುವಿಗೆ. ಸಾಬೀತು ಮಾಡಲಾಗದು, ಕಾನೂನಿನ ತೊಡಕೂ ಇದೆ. ‘₹250 ಕೊಟ್ಟು ಕಾಫಿ ಕುಡಿಯೋ ಜಾಣರಿಗೆ ನಮಸ್ಕಾರ.’ ಪೆಟ್ಟು ಗ್ರಾಹಕರಿಗೆ. ನಾಳೆ ನಿಮ್ಮಲ್ಲಿಗೆ ಬರಬೇಕಾದವರು ಅವರೇ. ‘ಲೋಟದ ಮೇಲೆ ಹೆಸರು ಬರೆಯೋಕೂ ಬರಲ್ಲ ಅಲ್ಲಿನ ಹುಡುಗರಿಗೆ.’ ಪೆಟ್ಟು ಕೌಂಟರಿನಲ್ಲಿ ನಿಂತು ದುಡಿಯುವ, ಬಹುಶಃ ನಿಮ್ಮೂರಿನದೇ ಹುಡುಗನಿಗೆ. ಮೂರನ್ನೂ ಹೊಡೆದುಹಾಕಿ.

3. ಉಳಿದದ್ದನ್ನು ನಿಮ್ಮ ಬಗ್ಗೆ ಹೇಳುವಂತೆ ತಿರುಗಿಸಿ. ‘ಅಲ್ಲಿ ಮೂರು ಸೈಜ್: ಸ್ಮಾಲ್, ಮೀಡಿಯಂ, ಲಾರ್ಜ್. ನಮ್ಮಲ್ಲಿ ಎರಡೇ: ಫುಲ್, ಬೈ ಟು. ಕಾಫಿ ₹20.’ ಇಲ್ಲಿ ಎದುರಾಳಿಯ ಹೆಸರಿಲ್ಲ, ಆದರೂ ರಸ್ತೆಯವರಿಗೆಲ್ಲ ಗೊತ್ತು. ಅವರ ವಸ್ತು ಕೆಟ್ಟದ್ದು ಎಂದಿಲ್ಲ. ನಿಮ್ಮ ಎರಡೂ ನಿಜಗಳು ಒಳಗಿವೆ. ನೀವು ಚಿಕ್ಕವರೆಂಬುದನ್ನು ನೀವೇ ಮೊದಲು ಒಪ್ಪಿಕೊಂಡಿದ್ದೀರಿ, ಆದ್ದರಿಂದ ಅದನ್ನು ಹಿಡಿದು ಅವರು ತಿರುಗಿಸಿ ಹೊಡೆಯಲಾರರು.

4. ಇನ್ನೊಬ್ಬರಿಗೆ ಓದಿ ಹೇಳಿ, ಆದರೆ ನಿಮ್ಮ ತಂಡದವರಿಗಲ್ಲ. ಎದುರಿನ ಮಳಿಗೆಗೆ ಆಗಾಗ ಹೋಗುವ ಒಬ್ಬರು ಸಿಗಲಿ. ಅವರು ನಕ್ಕರೆ ಹಾಕಿ. ಅವರು ‘ಅಲ್ಲಿ ಕೂತು ಕೆಲಸ ಮಾಡೋಕೆ ಚೆನ್ನಾಗಿದೆ ಕಣ್ರೀ’ ಎಂದು ವಾದಕ್ಕಿಳಿದರೆ ಸಾಲಿನಲ್ಲಿ ಎಲ್ಲೋ ಅವರಿಗೂ ತಾಗಿದೆ ಎಂದರ್ಥ.

5. ಹೊತ್ತು ನೋಡಿ. ಎದುರಾಳಿಯಲ್ಲಿ ಬೆಂಕಿ ಅವಘಡ, ಕೆಲಸದಿಂದ ತೆಗೆದ ಸುದ್ದಿ, ಆಹಾರ ಸೇವಿಸಿ ಯಾರಿಗೋ ಕಾಯಿಲೆ, ಇಂಥದ್ದಾದ ವಾರ ಬಾಯಿ ಮುಚ್ಚಿಕೊಂಡಿರಿ. ಆ ವಾರ ಅವರು ‘ಮೇಲೆ’ ಇರುವುದಿಲ್ಲ. ವರ್ಷವಿಡೀ ಮೆಕ್‌ಡೊನಾಲ್ಡ್ಸ್ ಕಾಲೆಳೆಯುವ ಬರ್ಗರ್ ಕಿಂಗ್‌ನ ಬ್ರಿಟನ್ ಶಾಖೆ, 2020ರ ನವೆಂಬರಿನ ಲಾಕ್‌ಡೌನ್ ಹೊತ್ತಿಗೆ ‘ಮೆಕ್‌ಡೊನಾಲ್ಡ್ಸ್‌ನಿಂದಲೂ ತರಿಸಿ ತಿನ್ನಿ’ ಎಂದು ಗ್ರಾಹಕರನ್ನು ಕೇಳಿಕೊಂಡಿತು, ಅಲ್ಲಿನ ನೌಕರರ ಕೆಲಸ ಉಳಿಯಲಿ ಎಂದು. ಗೇಲಿ ಮಾಡುತ್ತಲೇ ಬಂದವರ ಬಾಯಲ್ಲಿ ಬಂದದ್ದರಿಂದಲೇ ಆ ಮಾತಿಗೆ ಅಷ್ಟು ತೂಕ.

ಮೂರನೆಯ ಹಂತದಲ್ಲಿ ಇನ್ನೂ ಮುಂದೆ ಹೋಗಬಹುದು: ಗೇಲಿಯನ್ನೇ ಗ್ರಾಹಕನ ಕೈಗೆ ಒಂದು ಲಾಭವಾಗಿ ಕೊಡುವುದು. 2018ರ ಡಿಸೆಂಬರಿನಲ್ಲಿ ಬರ್ಗರ್ ಕಿಂಗ್ ಮಾಡಿದ್ದು ಇದೇ. ಯಾವುದಾದರೂ ಮೆಕ್‌ಡೊನಾಲ್ಡ್ಸ್ ಮಳಿಗೆಯಿಂದ 600 ಅಡಿ ಒಳಗೆ ನಿಂತು ತನ್ನ ಆ್ಯಪ್ ತೆರೆದರೆ ಮಾತ್ರ ವಾಪರ್ ಬರ್ಗರ್ ಒಂದು ಸೆಂಟಿಗೆ ಸಿಗುತ್ತಿತ್ತು. ಆರ್ಡರ್ ಮಾಡಿದ ಮೇಲೆ ಆ್ಯಪ್ ಹತ್ತಿರದ ಬರ್ಗರ್ ಕಿಂಗ್‌ಗೆ ದಾರಿ ತೋರಿಸುತ್ತಿತ್ತು. ಎದುರಾಳಿಯ ಮಳಿಗೆಗಳು ಎಷ್ಟು ಹೆಚ್ಚಿದ್ದವೋ ಅಷ್ಟೂ ತನ್ನ ಪ್ರಚಾರ ಕೇಂದ್ರಗಳೇ ಆದವು. ಆ ಪ್ರಚಾರದ ಗುರಿ ಜನರನ್ನು ನಗಿಸುವುದಷ್ಟೇ ಆಗಿರಲಿಲ್ಲ, ಆ್ಯಪ್ ಇಳಿಸಿಕೊಳ್ಳುವಂತೆ ಮಾಡುವುದು. ಆ್ಯಪ್ ಸ್ಟೋರ್‌ನಲ್ಲಿ ಅದು ಮೊದಲ ಸ್ಥಾನಕ್ಕೇರಿತು, ಮರುವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ದೊಡ್ಡ ಪ್ರಶಸ್ತಿಗಳನ್ನೂ ಬಾಚಿಕೊಂಡಿತು. ಈ ಉಪಾಯ ಉಲ್ಟಾ ನಡೆಯದು ಎಂಬುದನ್ನೂ ಗಮನಿಸಿ. ಮಳಿಗೆ ಹೆಚ್ಚಿರುವವನು ಕಡಿಮೆ ಇರುವವನ ಬಾಗಿಲಿಗೆ ಗ್ರಾಹಕರನ್ನು ಕಳಿಸಿದರೆ ಕಳೆದುಕೊಳ್ಳುವುದು ತಾನೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ದೊಡ್ಡವರಾದದ್ದು ಗೊತ್ತಾಗದಿರುವುದು. 2015ರ ಸೂಪರ್ ಬೌಲ್ ಪಂದ್ಯದ ವೇಳೆ ಬಡ್‌ವೈಸರ್ ಒಂದು ಜಾಹೀರಾತು ಹಾಕಿತು. ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರನ್ನು ಮೂಸಿ ಮೂಸಿ ಕುಡಿಯುವವರನ್ನು ಹಂಗಿಸುತ್ತ, ‘ಅವರು ಕುಂಬಳಕಾಯಿ ಪೀಚ್ ಏಲ್ ಹೀರುತ್ತಿರಲಿ’ ಎಂಬ ಧಾಟಿಯ ಮಾತು ಅದರಲ್ಲಿತ್ತು. ಅಮೆರಿಕದ ಅತಿದೊಡ್ಡ ಬಿಯರ್ ಕಂಪನಿ ಗಲ್ಲಿಯ ಬ್ರೂವರಿಗಳನ್ನು ಗೇಲಿ ಮಾಡಿದ್ದೇ ಸಾಕಷ್ಟು ಕಸಿವಿಸಿ ತಂದಿತ್ತು. ಅದರ ಮೇಲೆ ಇನ್ನೊಂದು ಸಂಗತಿ ಹೊರಬಂತು. ಬಡ್‌ವೈಸರ್‌ನ ಮಾತೃಸಂಸ್ಥೆ ಕೆಲವೇ ದಿನಗಳ ಹಿಂದೆ ಸಿಯಾಟಲ್‌ನ ಎಲೀಸಿಯನ್ ಎಂಬ ಸಣ್ಣ ಬ್ರೂವರಿಯನ್ನು ಕೊಳ್ಳುವುದಾಗಿ ಪ್ರಕಟಿಸಿತ್ತು. ಎಲೀಸಿಯನ್ ತಯಾರಿಸಿದ್ದ ಬಿಯರ್‌ಗಳಲ್ಲಿ ಕುಂಬಳ ಮತ್ತು ಪೀಚ್ ಹಾಕಿದ್ದೂ ಒಂದು! ಹಂಗಿಸಿದ್ದು ತನ್ನ ಮನೆಗೆ ಬರುತ್ತಿದ್ದ ಹೊಸ ಸದಸ್ಯನನ್ನೇ.

ಪಾಠ ಕಲಿತಂತೆ ಕಾಣಲಿಲ್ಲ. 2019ರಲ್ಲಿ ಅದೇ ಮನೆಯ ಬಡ್ ಲೈಟ್, ಮಾರುಕಟ್ಟೆಯಲ್ಲಿ ಮುಂದಿದ್ದೂ, ಹಿಂದಿದ್ದ ಮಿಲ್ಲರ್ ಲೈಟ್ ಮತ್ತು ಕೂರ್ಸ್ ಲೈಟ್‌ಗಳು ಮೆಕ್ಕೆಜೋಳದ ಸಿರಪ್ ಬಳಸುತ್ತವೆ ಎಂದು ಅಣಕಿಸಿತು. ತಕ್ಷಣ ಮುನಿಸಿಕೊಂಡವರು ಬಿಯರ್ ಕಂಪನಿಗಳಷ್ಟೇ ಅಲ್ಲ, ಅಮೆರಿಕದ ಮೆಕ್ಕೆಜೋಳ ಬೆಳೆಗಾರರ ಸಂಘ ಕೂಡ. ಮೆಕ್ಕೆಜೋಳ ಎಂದರೆ ಏನೋ ಕಳಂಕ ಎನ್ನುವಂತಿತ್ತು ಆ ಜಾಹೀರಾತು. ಎದುರಾಳಿ ಕೋರ್ಟಿಗೆ ಹೋದ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಬಡ್ ಲೈಟ್ ಪರವೇ ತೀರ್ಪು ಕೊಟ್ಟಿತು, ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು. ಹೇಳಿದ್ದು ನಿಜವಾಗಿದ್ದರೂ ದಿಕ್ಕು ತಪ್ಪಿದರೆ ಗೆಲುವಿಗೆ ವರ್ಷಕ್ಕೂ ಮಿಕ್ಕಿ ವಕೀಲರ ಫೀಸು ಕಟ್ಟಬೇಕಾಗುತ್ತದೆ, ರೈತರೊಂದಿಗೆ ಮುಖ ಕೆಡಿಸಿಕೊಂಡದ್ದು ಬೇರೆ.

ನಾಳೆ ತಾವೇ ಮಾಡಲಿರುವುದನ್ನು ಇಂದು ಗೇಲಿ ಮಾಡುವುದು. ಸ್ಯಾಮ್‌ಸಂಗ್ ಇದರಲ್ಲಿ ಎರಡು ಬಾರಿ ಸಿಕ್ಕಿಬಿದ್ದಿದೆ. ಐಫೋನ್‌ನಲ್ಲಿ ಇಯರ್‌ಫೋನ್ ಕಿಂಡಿ ಇಲ್ಲವೆಂದು ಹಂಗಿಸಿ, 2019ರಲ್ಲಿ ನೋಟ್ 10 ಫೋನಿನಿಂದ ಅದನ್ನು ತಾನೂ ತೆಗೆಯಿತು. 2020ರ ಅಕ್ಟೋಬರಿನಲ್ಲಿ ಆ್ಯಪಲ್ ಡಬ್ಬಿಯೊಳಗೆ ಚಾರ್ಜರ್ ಕೊಡುವುದನ್ನು ನಿಲ್ಲಿಸಿದಾಗ, ‘ನಮ್ಮ ಗ್ಯಾಲಕ್ಸಿ ಜತೆ ಸಿಗುತ್ತದೆ’ ಎಂಬರ್ಥದಲ್ಲಿ ಚಾರ್ಜರ್ ಚಿತ್ರ ಹಾಕಿತು. ಮೂರು ತಿಂಗಳಲ್ಲಿ ಬಂದ ಎಸ್21 ಡಬ್ಬಿಯಲ್ಲೂ ಚಾರ್ಜರ್ ಇರಲಿಲ್ಲ. ಪೋಸ್ಟ್ ಅಳಿಸಿದರು, ಆದರೆ ಸ್ಕ್ರೀನ್‌ಶಾಟ್ ಅಳಿಯುತ್ತದೆಯೇ? ಪೋಸ್ಟ್ ಹಾಕುವ ಮೊದಲು ಮಾಲೀಕರನ್ನೋ ತಯಾರಿಕೆಯವರನ್ನೋ ಕೇಳಿ: ಮುಂದಿನ ಒಂದು ವರ್ಷದಲ್ಲಿ ನಾವೂ ಹೀಗೆ ಮಾಡುವ ಯೋಚನೆ ಇದೆಯೇ? ನಮ್ಮ ಕಾಫಿ ಅಂಗಡಿಯವರು ₹20 ಎಂದು ಬರೆದು, ಮುಂದಿನ ತಿಂಗಳು ಹಾಲಿನ ದರ ಏರಿತೆಂದು ₹25 ಮಾಡಿದರೂ ಅದೇ ಗತಿ.

ದೂರು ಹೇಳಿದವರ ಮೇಲೆ ತಿರುಗಿಬೀಳುವುದು. ಎದುರಾಳಿಗೆ ಟಾಂಗ್ ಕೊಟ್ಟು ಅಭ್ಯಾಸವಾದ ನಾಲಿಗೆ ಗ್ರಾಹಕರ ಮೇಲೂ ಹರಿಯುತ್ತದೆ. 2024ರ ಅಕ್ಟೋಬರಿನಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ, ಸರ್ವಿಸ್‌ಗಾಗಿ ನಿಂತ ಓಲಾ ಎಲೆಕ್ಟ್ರಿಕ್ ಸ್ಕೂಟರ್‌ಗಳ ಚಿತ್ರ ಹಾಕಿ ಪ್ರಶ್ನೆ ಕೇಳಿದರು. ಬೆಂಗಳೂರಿನ ಈ ಕಂಪನಿಯ ಮುಖ್ಯಸ್ಥ ಭವಿಷ್ ಅಗರ್ವಾಲ್, ಅವರ ಹಾಸ್ಯವೃತ್ತಿ ಸೋತದ್ದೆಂದೂ ಟ್ವೀಟ್ ದುಡ್ಡು ಪಡೆದು ಹಾಕಿದ್ದೆಂದೂ ಚುಚ್ಚಿದರು. ಕಾಮ್ರಾ ಹೆಸರಾಂತರೇ ಇರಬಹುದು. ಆದರೆ ಚಿತ್ರದಲ್ಲಿದ್ದದ್ದು ಸ್ಕೂಟರ್ ಕೊಟ್ಟು ಕಾಯುತ್ತಿದ್ದವರ ಪಾಡು. ಆ ಹೊಡೆತ ತಮಗೇ ಬಿದ್ದಂತೆ ಅವರು ಭಾವಿಸಿದರು, ಉತ್ತರದ ಕೆಳಗೆ ತಂತಮ್ಮ ದೂರುಗಳನ್ನು ತಂದು ಸುರಿದರು. ಅದೇ ಹೊತ್ತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸೂ ಬಂತು. ಒಂದು ವರ್ಷದಲ್ಲಿ ಗ್ರಾಹಕ ಸಹಾಯವಾಣಿಗೆ ಹತ್ತು ಸಾವಿರಕ್ಕೂ ಹೆಚ್ಚು ದೂರುಗಳು ಬಂದಿದ್ದವು. ನೋಟಿಸ್ ಬಂದದ್ದು ಟ್ವೀಟಿನಿಂದಲ್ಲ, ದೂರುಗಳಿಂದ. ಆದರೆ ದೂರುಗಳು ಬಾಕಿ ಇರುವ ಕಂಪನಿಗೆ ಹಾಸ್ಯ ಮಾಡುವ ಹಕ್ಕನ್ನು ಜನ ಕೊಡುವುದಿಲ್ಲ. ನಿಮ್ಮ ಪುಟದ ಕಾಮೆಂಟುಗಳಲ್ಲಿ ಉತ್ತರಿಸದ ದೂರುಗಳಿದ್ದರೆ ಮೊದಲು ಅವನ್ನು ಮುಗಿಸಿ.

ಕಾನೂನಿನ ಗೆರೆ

ಭಾರತದಲ್ಲಿ ಎದುರಾಳಿಯೊಂದಿಗೆ ಹೋಲಿಸಿಕೊಳ್ಳುವುದು ಅಪರಾಧವಲ್ಲ. 1999ರಲ್ಲಿ ಕಲ್ಕತ್ತಾ ಹೈಕೋರ್ಟ್ ಬಟ್ಟೆಗೆ ಹಾಕುವ ನೀಲಿಯ ಪ್ರಕರಣವೊಂದರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ‘ನನ್ನ ಸರಕೇ ಜಗತ್ತಿನಲ್ಲಿ ಉತ್ತಮ’ ಎಂದು ಬಡಾಯಿ ಕೊಚ್ಚಬಹುದು. ಎದುರಾಳಿಯದಕ್ಕಿಂತ ನನ್ನದು ಮೇಲು ಎನ್ನಬಹುದು, ಹೋಲಿಸಿ ತೋರಿಸಬಹುದು. ಆದರೆ ಹಾಗೆ ಹೇಳುವ ಭರದಲ್ಲಿ ‘ಅವರದು ಕೆಟ್ಟದು’ ಎನ್ನುವಂತಿಲ್ಲ. 2003ರ ಪೆಪ್ಸಿ–ಕೋಕಾ ಕೋಲಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಜಾಹೀರಾತಿನ ಉದ್ದೇಶ, ಧಾಟಿ, ಕಥೆಯ ಒಟ್ಟು ಭಾವ ಇವನ್ನೂ ನೋಡಬೇಕು ಎಂದಿತು. ಅಂದರೆ ‘ಹೆಸರು ಹೇಳಿಲ್ಲವಲ್ಲ’ ಎಂಬ ಗುರಾಣಿ ಸದಾ ಕಾಪಾಡದು.

2010ರಲ್ಲಿ ಹಿಂದೂಸ್ತಾನ್ ಯೂನಿಲಿವರ್‌ನ ರಿನ್ ಜಾಹೀರಾತು, ಟೈಡ್ ನ್ಯಾಚುರಲ್ಸ್ ಪ್ಯಾಕೆಟ್ಟನ್ನೇ ತೆರೆಯ ಮೇಲೆ ತೋರಿಸಿ ಹೋಲಿಸಿತ್ತು. ಟೈಡ್‌ನವರು ಕಲ್ಕತ್ತಾ ಹೈಕೋರ್ಟಿಗೆ ಹೋದರು, ಪ್ರಸಾರ ನಿಲ್ಲಿಸುವಂತೆ ಆದೇಶವಾಯಿತು. ಹಾಗಾಗಿ ಸಣ್ಣವರಿಗೆ ಎರಡು ಎಚ್ಚರ ಸಾಕು. ಎದುರಾಳಿಯ ಲೋಗೊ, ಪ್ಯಾಕೆಟ್, ಚಿತ್ರ ಬಳಸಬೇಡಿ. ನೀವು ಹೇಳಿದ ಪ್ರತಿ ನಿಜಕ್ಕೂ ದಾಖಲೆ ಇಟ್ಟುಕೊಳ್ಳಿ: ಅವರ ದರಪಟ್ಟಿಯ ದಿನಾಂಕ ಇರುವ ಫೋಟೊ, ನಿಮ್ಮ ಬಿಲ್ಲು. ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಎಎಸ್‌ಸಿಐಗೆ ದೂರು ಹೋದರೆ ಅವರು ಮೊದಲು ಕೇಳುವುದೇ ಪುರಾವೆ. ಜಾಲತಾಣದ ಪೋಸ್ಟೂ ಅವರ ಲೆಕ್ಕದಲ್ಲಿ ಜಾಹೀರಾತೇ.

ಅವರು ತಿರುಗಿ ಮಾತಾಡಿದರೆ

ಅವರು ನಗುತ್ತ ಉತ್ತರಿಸಿದರೆ ನಿಮ್ಮ ಕೆಲಸ ಅರ್ಧ ಆದಂತೆ. ಒಂದು ಸಲ ಮರುಮಾತು ಕೊಡಿ, ಅಲ್ಲಿಗೆ ನಿಲ್ಲಿಸಿ. ಮೂರನೆಯ ಸುತ್ತಿಗೆ ನೋಡುವವರಿಗೆ ಅದು ಜಗಳವಾಗುತ್ತದೆ. ಅವರ ಉತ್ತರ ನಿಮಗಿಂತ ಚುರುಕಾಗಿದ್ದರೆ ಒಪ್ಪಿಕೊಂಡುಬಿಡಿ: ‘ಇದು ನಿಮ್ಮ ಪಾಯಿಂಟು. ಬನ್ನಿ, ಬೈ ಟು ಕುಡಿಯೋಣ.’ ವಕೀಲರ ನೋಟಿಸ್ ಬಂದರೆ ಅದನ್ನೂ ಪೋಸ್ಟ್ ಮಾಡುವ ಚಪಲ ಹುಟ್ಟುತ್ತದೆ. ಆಲ್ಡಿಗೆ ಅದು ನಡೆಯಿತು, ಏಕೆಂದರೆ ಅದರ ಹಿಂದೆ ವಕೀಲರ ದಂಡೇ ಇತ್ತು. ನೀವು ನಿಮ್ಮ ವಕೀಲರನ್ನು ಕೇಳದೆ ಏನೂ ಹಾಕಬೇಡಿ.

ಇನ್ನು ನಿಮಗಿಂತ ಚಿಕ್ಕವರು ನಿಮ್ಮ ಕಾಲೆಳೆದರೆ? ಎರಡು ವರ್ಷದಲ್ಲಿ ನಿಮ್ಮ ಕಾಫಿ ಅಂಗಡಿ ಆರು ಶಾಖೆಯಾಗಿ, ಫ್ಲಾಸ್ಕ್ ಹಿಡಿದು ಬಸ್ ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಕಾಫಿ ಮಾರುವವನ ಹಿತೈಷಿ ಯಾರೋ ನಿಮ್ಮ ಮೇಲೆ ರೀಲ್ಸ್ ಮಾಡುತ್ತಾರೆ. ಆಗ ನೀವೇ ಮೇಲಿನವರು. ನಿಮ್ಮನ್ನು ನೀವೇ ಗೇಲಿ ಮಾಡಿಕೊಂಡು ಉತ್ತರಿಸಬಹುದು, ಇಲ್ಲವೇ ಒಂದು ಲೈಕ್ ಒತ್ತಿ ಸುಮ್ಮನಿರಬಹುದು. ಅವನ ಕಾಫಿಯ ಬಗ್ಗೆ ಮಾತ್ರ ಒಂದಕ್ಷರ ಆಡಬಾರದು.

ಫಲ ಕೊಟ್ಟಿತೇ ಎಂದು ನೋಡುವುದು ಹೇಗೆ

ಲೈಕುಗಳ ಸಂಖ್ಯೆ ಇಲ್ಲಿ ದಾರಿ ತಪ್ಪಿಸುತ್ತದೆ. ಎರಡು ದಿನ ಬಿಟ್ಟು ಕಾಮೆಂಟುಗಳನ್ನು ಒಂದೊಂದಾಗಿ ಓದಿ, ಮೂರು ಗುಂಪು ಮಾಡಿ. ನಿಮ್ಮ ನಿಜವನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಿದವರು (‘ಬೈ ಟು ಕೊಡ್ತಾರಾ? ಎಲ್ಲಿದೆ ಅಂಗಡಿ?’) ಒಂದು ಗುಂಪು. ಜೋಕಿಗೆ ನಕ್ಕು ಹೋದವರು ಎರಡನೆಯದು. ಎದುರಾಳಿಯ ಪರ ವಾದ ಮಾಡಿದವರು ಮೂರನೆಯದು. ಮೊದಲ ಗುಂಪು ಸಣ್ಣದಿದ್ದರೂ ಪರವಾಗಿಲ್ಲ, ಅಂಗಡಿಗೆ ಬರುವವರು ಅವರೇ. ಎರಡನೆಯದು ಮಾತ್ರ ತುಂಬಿದ್ದರೆ ನಗಿಸಿದ್ದೀರಿ, ಮಾರಿಲ್ಲ. ಮುಂದಿನ ಸಾಲಿನಲ್ಲಿ ನಿಜವನ್ನು ಇನ್ನಷ್ಟು ಮುಂದಕ್ಕೆ ತನ್ನಿ. ಮೂರನೆಯದು ಬೆಳೆಯುತ್ತಿದ್ದರೆ ದಿಕ್ಕು ತಪ್ಪಿದೆ. ಸದ್ದಿಲ್ಲದೆ ಅಳಿಸಿ ಓಡಿದರೆ ಸ್ಕ್ರೀನ್‌ಶಾಟ್ ಹಿಂದೆಯೇ ಬರುತ್ತದೆ. ಪೋಸ್ಟ್ ತೆಗೆದು, ಯಾರಿಗೆ ನೋವಾಯಿತೋ ಅವರನ್ನು ಹೆಸರಿಸಿ ಒಂದು ಸಾಲಿನ ಕ್ಷಮೆ ಕೇಳಿ. ಆ ಸಾಲಿನಲ್ಲಿ ಜೋಕು ಇರಕೂಡದು.